ಗುಡ್ಡಕ್ಕೆ ಬಾರದ ಕೆಂಪು ಗೆರೆ

ಚನ್ನಗಿರಿ ಬಸ್‌ಸ್ಟ್ಯಾಂಡ್ ಎದುರಿನ ಸ್ಟುಡಿಯೋದಲ್ಲಿ ನಲವತ್ತು ವರ್ಷ ಫೋಟೋ ತೆಗೆದ ಶಿವಮೂರ್ತಪ್ಪನಿಗೆ ಓರೆಕೋರೆ ಕಂಡರೆ ಆಗದು. ಗೋಡೆಯ ಕ್ಯಾಲೆಂಡರ್ ತುಸು ವಾಲಿದ್ದರೂ ಎದ್ದು ಹೋಗಿ ನೆಟ್ಟಗೆ ಮಾಡಿ ಬರುವ ಜೀವ. ಈ ಸಲ ಎಡವಟ್ಟಾಗಿದ್ದೂ ಅದರಿಂದಲೇ.

ಈಗ ಸ್ಟುಡಿಯೋ ನಡೆಸುವವಳು ಸೊಸೆ ಚೈತ್ರಾ. ಕಣ್ಣಿನ ಪೊರೆ ತೆಗೆಸಿಕೊಂಡ ಮಾವ ಸುಮ್ಮನೆ ಕೂತು ಸೊರಗುವುದನ್ನು ಅವಳಿಗೆ ನೋಡಲಾಗಲಿಲ್ಲ. ಬೀರುವಿನಲ್ಲಿದ್ದ ಅವನ ಹಳೆಯ ಐವತ್ತು ಎಂಎಂ ಲೆನ್ಸನ್ನು ತನ್ನ ಮಿರರ್‌ಲೆಸ್ ಕ್ಯಾಮೆರಾಗೆ ಕೂರಿಸಲು ಅಡಾಪ್ಟರ್ ಬಳೆಯೊಂದನ್ನು ತರಿಸಿದಳು. ಲೆನ್ಸೇ ಇಲ್ಲವೆಂದು ಮೊದಲು ಕ್ಯಾಮೆರಾ ಮೊಂಡು ಹಿಡಿಯಿತು. ಲೆನ್ಸ್ ಇಲ್ಲದೆಯೂ ಕ್ಲಿಕ್ಕಿಸು ಎಂದು ಮೆನುವಿನಲ್ಲಿ ಅದನ್ನು ಒಪ್ಪಿಸಿ, ಫೋಕಸ್ ಪೀಕಿಂಗ್ ಹಾಕಿಕೊಟ್ಟಳು.

“ಫೋಕಸ್ ಎಲ್ಲಿ ಕೂತೈತೋ ಅಲ್ಲಿ ಅಂಚಿಗೆ ಕೆಂಪು ಗೆರೆ ಬರ್ತೈತೆ ಮಾವ. ನೀವು ಲೆನ್ಸಿನ ರಿಂಗ್ ತಿರುಗಿಸಿದ್ರೆ ಸಾಕು.”

ಮೊದಲ ದಿನವೇ ಅವಳ ರೆಪ್ಪೆಗೂದಲ ಮೇಲೆ ಕೆಂಪು ಹೊಳೆಯಿತು. ಶಿವಮೂರ್ತಪ್ಪ ಹಿಗ್ಗಿಹೋದ. ಒಂದೇ ಕಿರಿಕಿರಿ: ಲೆನ್ಸನ್ನು ಪೂರ್ತಿ ತಿರುಪಿದಾಗ ಅದರ ದೂರ ತೋರಿಸುವ ಗುರುತು ಮೇಲೆ ನಿಲ್ಲದೆ ಪಕ್ಕಕ್ಕೆ ಸರಿದು ಕೂರುತ್ತಿತ್ತು. ಹಳೆಯ ನೆಗೆಟಿವ್ ತುಂಡಿನಿಂದ ಒಂದು ಬಳೆ ಕತ್ತರಿಸಿ ಲೆನ್ಸಿಗೂ ಅಡಾಪ್ಟರಿಗೂ ನಡುವೆ ಇಟ್ಟ. ಗುರುತು ನೆಟ್ಟಗೆ ನಿಂತಿತು. ಇಷ್ಟು ಸಣ್ಣ ಕೆಲಸವನ್ನು ಯಾರಿಗೆ ಹೇಳುವುದು?

ಆಮೇಲೆ ಶುರುವಾಯಿತು ಸಂಕಟ. ಮಹಡಿಯಿಂದ ದೂರದ ನೀರಿನ ಟ್ಯಾಂಕ್ ನೋಡಿದ, ಅದರಾಚೆಯ ತೆಂಗಿನ ಮರ ನೋಡಿದ. ರಿಂಗ್ ಅತಿ ದೂರಕ್ಕೆಂದಿರುವ ಅನಂತದ ಗುರುತಿಗೆ ಬಂದು ತಡೆದು ನಿಂತರೂ ಎಲ್ಲ ಮಸುಕು. ಕೆಂಪಿನ ಸುಳಿವೇ ಇಲ್ಲ. ನಲವತ್ತು ವರ್ಷ ಸುಳ್ಳು ಹೇಳದ ಲೆನ್ಸ್ ಈಗೇಕೆ ಹೇಳೀತು? ಕಣ್ಣೇ ಕೈಕೊಟ್ಟಿದೆ ಎಂದುಕೊಂಡ. ಬರಿಗಣ್ಣಿಗೆ ಮರ ಸರಿಯಾಗಿ ಕಂಡರೂ, ಗೊತ್ತಿರುವ ಮರವಲ್ಲವೇ, ಮನಸ್ಸೇ ತುಂಬಿಕೊಳ್ಳುತ್ತದೆ ಎಂದು ತನಗೆ ತಾನೇ ವಾದಿಸಿದ. ತೆಗೆದ ಫೋಟೋಗಳನ್ನು ಸೊಸೆಗೆ ತೋರಿಸದೆ ಅಳಿಸಿಹಾಕಿದ. ಮೂರು ವಾರ ಅವನಿಗೆ ಅನ್ನ ರುಚಿಸಲಿಲ್ಲ. ಕ್ಯಾಮೆರಾ ಹಿಡಿಯದ ಶಿವಮೂರ್ತಪ್ಪ ಅಂದರೆ ಯಾರು ಎಂಬುದು ಅವನಿಗೇ ತಿಳಿಯದು.

ಮದುವೆಗೆ ಮುಂಚಿನ ಫೋಟೋಶೂಟಿಗೆ ಜಾಗ ನೋಡಲು ಚೈತ್ರಾ ಸೂಳೆಕೆರೆಗೆ ಹೊರಟಾಗ ಅವನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಳು. ಏರಿಯ ಮೇಲೆ ನಿಂತು ಆಚೆ ದಡದ ಗುಡ್ಡವನ್ನು ಇನ್ನೊಮ್ಮೆ ನೋಡಿದ ಅವನು ಕ್ಯಾಮೆರಾವನ್ನು ಅವಳ ಕೈಗಿಟ್ಟ.

“ಈ ಲೆನ್ಸ್ ಯಾರಿಗಾರ ಕೊಟ್ಬಿಡವ್ವ. ನನ್ನ ಕಣ್ಣು ಹೋತು. ಗುಡ್ಡಕ್ಕೆ ಕೆಂಪು ಗೆರೆ ಬರೋದು ಕಾಣ್ತಾನೇ ಇಲ್ಲ.”

ಚೈತ್ರಾ ಕ್ಯಾಮೆರಾ ಮತ್ತೆ ಅವನಿಗೇ ಕೊಟ್ಟಳು.

“ಕಣ್ಣಿಟ್ಟು ನೋಡೋ ಕಿಂಡಿ ಒಳಗೆ ಕೆಳಗಡೆ ಅಂಕಿ ಬರ್ತೈತಲ್ಲ, ಓದ್ರಿ.”

“ಐನೂರು. ಪಕ್ಕದಾಗೆ ನೂರು. ಬ್ಯಾಟರಿ ಮುಗಿಯಾಕೆ ಬಂದೈತೆ, ಚಾರ್ಜಿಗೆ ಹಾಕಾಕೆ ಮರ್ತೀಯ.”

“ಅಂಕಿನೂ ಗುಡ್ಡನೂ ಕಾಣೋದು ಒಂದೇ ಪುಟ್ಟ ಪರದೆ ಮ್ಯಾಲೆ ಮಾವ, ನಿಮ್ಮ ಕಣ್ಣಿಂದ ಒಂದೇ ದೂರದಾಗೆ. ಅಂಕಿ ಹಿಂಗೆ ನಿಚ್ಚಳ ಕಂಡ್ರೆ ಗುಡ್ಡ ಮಸುಕಾಗಿರೋದು ಕಣ್ಣಿಂದಲ್ಲ.”

ಶಿವಮೂರ್ತಪ್ಪ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟ. ಅವಳು ಕ್ಯಾಮೆರಾ ಇಸಿದುಕೊಂಡು ಲೆನ್ಸ್ ತಿರುಪಿ ತೆಗೆದಳು. ಕಪ್ಪು ಫಿಲ್ಮಿನ ಬಳೆ ಅವಳ ಅಂಗೈಗೆ ಬಿತ್ತು.

“ಇದೇನ್ರೀ?”

“ಗುರುತು ಸೊಟ್ಟಗಿತ್ತು. ನಾನೇ ಇಟ್ಟೆ.”

“ಕೂದಲಷ್ಟು ದಪ್ಪ ಐತೆ, ನೋಡ್ರಿ. ಲೆನ್ಸ್ ಇಷ್ಟು ಮುಂದೆ ಬಂದ್ರೆ ಅರವತ್ತಡಿ ದಾಟಿ ಅದರ ಫೋಕಸ್ ಹೋಗಲ್ಲ. ಹತ್ತಿರದ್ದು ಚೆನ್ನಾಗೇ ಬರ್ತೈತೆ, ಅದಕ್ಕೇ ಗೊತ್ತಾಗಿಲ್ಲ.”

ಬ್ಯಾಗಿನಿಂದ ಕನ್ನಡಕದ ಸ್ಕ್ರೂಡ್ರೈವರ್ ತೆಗೆದು ಅಡಾಪ್ಟರಿನ ಮೂರು ಸಣ್ಣ ತಿರುಪು ಸಡಿಲಿಸಿ, ಒಳಬಳೆಯನ್ನು ತಿರುಗಿಸಿ ಬಿಗಿದಳು. ಲೆನ್ಸ್ ಮತ್ತೆ ಕೂರಿಸಿದಾಗ ಫಿಲ್ಮ್ ಇಲ್ಲದೆಯೇ ಗುರುತು ನೆಟ್ಟಗಾಯಿತು. ಶಿವಮೂರ್ತಪ್ಪನಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹತ್ತು ಪಟ್ಟು ಸಂತೋಷವೂ ಆಯಿತು. ಕ್ಯಾಮೆರಾವನ್ನು ಗುಡ್ಡದ ಕಡೆ ಹಿಡಿದು ರಿಂಗನ್ನು ಕೊನೆಯವರೆಗೆ ತಿರುಗಿಸಿದ.

“ಬಂತು... ಹೋತು.”

“ಈ ಅಡಾಪ್ಟರ್ ಬಳೆ ಚೂರು ತೆಳು. ಅನಂತ ದಾಟಿ ಹೋಗ್ತೈತೆ. ಒಂದೀಟು ಹಿಂದಕ್ಕೆ ತಗೀರಿ.”

ಹಿಂದಕ್ಕೆ ತೆಗೆದ. ಗುಡ್ಡದ ನೆತ್ತಿಯುದ್ದಕ್ಕೂ ಕೆಂಪು ಗೆರೆ ಓಡಿತು. ಅವನ ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ನೋಡಿದ.

“ಚೈತ್ರವ್ವ, ಆ ಲೈಟ್ ಕಂಬದ ಹತ್ರ ಹೋಗಿ ನಿಂತ್ಕೊ.”

ಹೋಗಿ ನಿಂತಳು. ಕ್ಲಿಕ್ಕಿಸಿದ.

“ಇನ್ನೂ ದೂರ ಹೋಗು.”

ಹೋದಳು. ಕ್ಲಿಕ್ಕಿಸಿದ. ಇನ್ನೂ ದೂರ ಎಂದು ಕೈ ಬೀಸಿದ. ಏರಿಯ ಆ ತುದಿಯಲ್ಲಿ ಅವಳು ಬೆರಳಷ್ಟಾದಳು. ಆ ಬೆರಳಿನ ಸುತ್ತಲೂ ಕೆಂಪು ಗೆರೆ ಸ್ಪಷ್ಟವಾಗಿತ್ತು. ಅಷ್ಟು ದೂರದಿಂದ ಅವಳು ಕೂಗಿದಳು:

“ಕಾಣ್ತೀನೇನ್ರೀ ಮಾವ?”

“ಕಾಣ್ತೀಯ ತಾಯಿ,” ಎಂದ ಶಿವಮೂರ್ತಪ್ಪ. ಅಷ್ಟು ದೂರಕ್ಕೆ ಅದು ಕೇಳಿಸದು. ಕೈ ಎತ್ತಿ ತೋರಿಸಿದ.