ಮೂರು ಸಲ ಬರೆದ ಮಾತು

ನಾನು ಬರೆದುಕೊಟ್ಟದ್ದು ಇಷ್ಟೇ: “ಕೋರಾ ಕಾಗದಕ್ಕ ಹೆಬ್ಬೆಟ್ಟು ಒತ್ತಬ್ಯಾಡ್ರಿ. ಯಾರು ಕೇಳಿದ್ರೂ ಒತ್ತಬ್ಯಾಡ್ರಿ. ಮನಿಗೆ ಬಂದು ಕೇಳಿದ್ರೂ ಒತ್ತಬ್ಯಾಡ್ರಿ.” ಒಂದೊಂದು ವಾಕ್ಯ ಮುಗಿದಲ್ಲೂ ಕೆಂಪು ಶಾಯಿಯ ಗೀಟು ಎಳೆದಿದ್ದೆ. ಅಲ್ಲಿ ನಿಲ್ಲಬೇಕು ಎಂದರ್ಥ.

ನಿಜಾಮರ ಆಡಳಿತ ಹೋಗಿ ಆರು ತಿಂಗಳಾಗಿತ್ತು. ಉಳುವವರಿಗೇ ಹೊಲ ಸಿಗುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಧಣಿಗಳ ಗುಮಾಸ್ತರು ಖಾಲಿ ಕಾಗದ ಹಿಡಿದು ಊರೂರು ಸುತ್ತತೊಡಗಿದರು. ಹೆಬ್ಬೆಟ್ಟು ಬಿದ್ದರೆ ಸಾಕು, ಮೇಲೆ ‘ಹೊಲ ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆದುಕೊಳ್ಳುತ್ತಿದ್ದರು. ಅದನ್ನು ತಡೆಯಲೆಂದೇ ಹುಮನಾಬಾದಿನಲ್ಲಿ ಸಭೆ. ಭಾಷಣ ಜ್ಞಾನೇಶ್ವರರಾವ್ ವಕೀಲರದು. ಬರೆದುಕೊಡುವ ಕೆಲಸ ಶಾಲಾ ಮಾಸ್ತರನಾದ ನನ್ನದು.

“ಏನ್ರೀ ದೇವಿದಾಸ ಮಾಸ್ತರ, ಒಂದೇ ಮಾತು ಮೂರು ಸಲ? ಮಂದಿ ಕಿವುಡರೇನು?” ಎಂದರು ವಕೀಲರು.

“ಕಿವುಡರಲ್ರಿ. ಮೈದಾನ ದೊಡ್ಡದದ. ದೂರದ ಕಂಬಕ್ಕ ಕಟ್ಟಿದ ಮೈಕಿನ ಭೋಂಗಾದ ದನಿ ತಡಾ ಆಗಿ ಬರ್ತದ, ಉದ್ದ ಮಾತಾಡಿದ್ರ ಒಂದರ ಮ್ಯಾಲೊಂದು ಬೀಳ್ತದ. ಓದೋರು ಹಾಳಿ ತಿರುವಿ ನೋಡ್ತಾರ. ಕೇಳೋರು ಏನು ತಿರುವಬೇಕ್ರಿ?”

ವಕೀಲರು ನಕ್ಕು ಎಲ್ಲ ಹೊಡೆದುಹಾಕಿದರು. ನ್ಯಾಯ, ಕಾನೂನು, ಶತಮಾನಗಳ ಶೋಷಣೆ ಎಲ್ಲ ಸೇರಿ ಏಳು ಸಾಲಿನ ಒಂದೇ ವಾಕ್ಯವಾಯಿತು. ಹೆಬ್ಬೆಟ್ಟು ಅದರ ನಡುವೆಲ್ಲೋ ಸಿಕ್ಕಿಕೊಂಡಿತು. ಮೈಕಿನ ಮುಂದೆ ಅವರು ಉಸಿರು ಬಿಡದೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿಕೊಂಡು ನಿಂತೆ, ಆ ಪಾಪ ನನ್ನದೇ.

ವಾರದ ನಂತರ ರಾಜೇಶ್ವರದ ಗಯಾಬಾಯಿ ಶಾಲೆಗೆ ಬಂದಳು. ಹೆಬ್ಬೆರಳ ಮಸಿ ಇನ್ನೂ ಹೋಗಿರಲಿಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ದುಡಿದ ನಾಲ್ಕು ಎಕರೆ ಹೋಗಿತ್ತು.

“ಸಭಾಕ್ಕ ಬಂದಿದ್ದಿಲ್ಲೇನವಾ?”

“ಬಂದಿದ್ನಿರಿ. ಸಾಹೇಬ್ರು ಭಾಳ ಚಂದ ಮಾತಾಡಿದ್ರು. ಹೆಬ್ಬೆಟ್ಟಿಂದು ಏನೋ ಅಂದ್ರು. ಅಷ್ಟರಾಗ ಮುಂದಿಂದು ಬಂತು.”

ಚಂದವಂತೆ! ಆ ಚಂದಕ್ಕೆ ಬೆಂಕಿ ಬೀಳಲಿ.

ಮುಂದಿನ ಸಭೆ ಮರುದಿನವೇ, ಕಲ್ಯಾಣದ ಕೋಟೆಯ ಕೆಳಗೆ. ಭಾಷಣ ಬರೆದುಕೊಡಲು ವಕೀಲರು ಕೇಳಿದರು. ನಾನು ಕಾಗದ ಕೊಡಲಿಲ್ಲ. ಗಯಾಬಾಯಿಯ ಕೈ ಹಿಡಿದು ಮೈಕಿನ ಮುಂದೆ ನಿಲ್ಲಿಸಿದೆ.

“ನನ್ನ ಹೊಲ ಹೋಯ್ತು,” ಎಂದಳು. ಮಾತು ಕೋಟೆಗೋಡೆಗೆ ಬಡಿದು ವಾಪಸು ಬಂತು. ಬೆಚ್ಚಿ ನಿಂತಳು. ಅದು ಅಡಗುವವರೆಗೂ ಕಾದಳು.

“ಕೋರಾ ಕಾಗದಕ್ಕ ಹೆಬ್ಬೆಟ್ಟು ಒತ್ತಿದೆ. ಹೊಲ ಹೋಯ್ತು.” ಮತ್ತೆ ಕಾದಳು. ಮಸಿಯ ಬೆರಳು ಎತ್ತಿದಳು. “ನೀವು ಒತ್ತಬ್ಯಾಡ್ರಿ.”

“ಒತ್ತಂಗಿಲ್ಲ!” ಎಂದಿತು ಮೈದಾನ.

“ಒತ್ತಬ್ಯಾಡ್ರಿ.”

“ಒತ್ತಂಗಿಲ್ಲ!”

ಕೆಳಗಿಳಿದವಳ ಬಳಿ ವಕೀಲರು ಓಡಿ ಬಂದರು. “ವ್ಹಾ! ಎಷ್ಟು ಸಾಫ್ ಹೇಳ್ದಿ ಬಾಯಿ!”

ಅವಳು ಅವರನ್ನು ನೋಡಿದಳು, ಆಮೇಲೆ ನನ್ನನ್ನೂ.

“ಇಷ್ಟೇ ಇತ್ತಲ್ರಿ ಮಾತು. ಅವತ್ತು ಯಾಕ ಹೇಳಲಿಲ್ಲ?”