ಭೀಮರಾಜಣ್ಣನ ಶನಿವಾರ

ಕದಿರೇಶ ಆ ಮೆಸೇಜನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ. ಐದನೆಯದನ್ನು ಕಣ್ಣು ಮುಚ್ಚಿ ಕಳಿಸಿದ.

'ಅಣ್ಣಾ, ಗುರುವಾರ ಸಂಜೆ ಕಾಲೇಜಿನ ಪರೀಕ್ಷೆ ಇದೆ. ನನ್ನ ಮಧ್ಯಾಹ್ನದ ಶಿಫ್ಟ್ ನೀವು ನೋಡ್ಕೊಳ್ತೀರಾ? ಬದಲಿಗೆ ನಿಮ್ಮ ಶನಿವಾರ, ಭಾನುವಾರ ಎರಡೂ ನಾನು ಮಾಡ್ತೀನಿ.'

ರಾಯಲ್ಪಾಡಿನ ಹತ್ತಿರದ ಆ ಸಬ್‌ಸ್ಟೇಷನ್ನಿನಲ್ಲಿ ಭೀಮರಾಜ ಹಿರಿಯ ಆಪರೇಟರ್, ಕದಿರೇಶ ಕಿರಿಯ. ಉತ್ತರ ತಕ್ಷಣ ಬಂತು: 'ಆಯ್ತು ಕಣೋ. ಶನಿವಾರ ಮುಳಬಾಗಿಲಲ್ಲಿ ಭಾಮೈದನ ಗೃಹಪ್ರವೇಶ ಇದೆ, ಒಳ್ಳೇದೇ ಆಯ್ತು.'

ಪರೀಕ್ಷೆ ಮುಗಿಸಿ ಬಂದವನೇ ಕದಿರೇಶ ಕೇಳಿದ, "ಅಣ್ಣಾ, ಡ್ಯೂಟಿ ಚಾರ್ಟಲ್ಲಿ ಹೆಸರು ಬದಲಾಯಿಸೋಣ್ವಾ? ಲೈನ್‌ಮನ್‌ಗಳು ಅದನ್ನ ನೋಡೇ ಫೋನ್ ಮಾಡೋದು."

"ಎರಡು ದಿನಕ್ಕೆ ಸಾಹೇಬ್ರ ಸಹಿಗೆ ಅಲೀಬೇಕೇನ್ಲಾ? ನಿನ್ನ ಭಯಕ್ಕೆ ಮದ್ದಿಲ್ಲ ಬಿಡು."

ಲೈನ್‌ಮನ್‌ಗಳು ಸ್ಟೇಷನ್ನಿನ ಫೋನಿಗೆ ಮಾಡುವುದೇ ಇಲ್ಲ, ಆಪರೇಟರನ ಸ್ವಂತ ಮೊಬೈಲಿಗೇ ಮಾಡುತ್ತಾರೆ. ಅವರು ಕೇಳಿದ ಮೇಲೆ ಆಪರೇಟರ್ ಲೈನ್ ಆಫ್ ಮಾಡಿ, ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ಹಾಕಿ, ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ನಂಬರ್ ಕೊಡಬೇಕು. ಆಮೇಲೆಯೇ ಕಂಬ ಹತ್ತುವುದು. ಅದೆಲ್ಲ ಗೊತ್ತಿದ್ದೂ ಕದಿರೇಶ ಸುಮ್ಮನಾದ.

ಶನಿವಾರ ಹತ್ತೂವರೆಗೆ ಅವನು ಮೀಟರ್ ರೀಡಿಂಗ್ ಬರೆಯುತ್ತಿದ್ದಾಗ ಭೀಮರಾಜನ ಫೋನು ಬಂತು. ಹಿಂದೆ ವಾಲಗದ ಸದ್ದು.

"ಲೇ ಕದಿರೇಶ, ಮಾವಿನತೋಪು ಫೀಡರ್ ಲೈನ್ ಆಫ್ ಮಾಡಿದೀಯಾ?"

"ಇಲ್ಲಣ್ಣಾ. ಯಾರು ಕೇಳಿದ್ರು?"

ವಾಲಗದ ಸದ್ದು ದೂರ ಸರಿಯಿತು.

"ಲೈನ್‌ಮನ್ ಕಾಂತರಾಜ ಆಗಲೇ ಫೋನ್ ಮಾಡಿದ್ದ ಕಣೋ. ಈ ಗದ್ದಲದಲ್ಲಿ, ಅಭ್ಯಾಸಬಲದಲ್ಲಿ, 'ಹೂಂ, ಐದು ನಿಮಿಷಕ್ಕೆ ಆಫ್ ಮಾಡ್ತೀನಿ, ಕಂಬ ಹತ್ತು. ನಂಬರ್ ಆಮೇಲೆ ಕೊಡ್ತೀನಿ' ಅಂದ್ಬಿಟ್ಟೆ. ಕಾಲು ಗಂಟೆ ಆಯ್ತು..."

ಕದಿರೇಶ ತಲೆ ಎತ್ತಿ ನೋಡಿದ. ಪ್ಯಾನೆಲ್ಲಿನ ಮೇಲೆ ಮಾವಿನತೋಪಿನ ಮುಳ್ಳು ಎಂಬತ್ತು ಆಂಪಿಯರ್ ತೋರಿಸುತ್ತಿತ್ತು. ಹನ್ನೊಂದು ಸಾವಿರ ವೋಲ್ಟು. ಅವನು ಓಡಿ ಸ್ವಿಚ್ ತಿರುಗಿಸಿದ. ಹೊರಗೆ ಬ್ರೇಕರ್ ಧಡ್ ಎಂದಿತು, ಮುಳ್ಳು ಸೊನ್ನೆಗೆ ಬಿತ್ತು.

ಸಮಯಕ್ಕೆ ಆಯಿತೋ, ತಡವಾಯಿತೋ?

ಕಾಂತರಾಜನ ಮೊಬೈಲು ರಿಂಗಾಗಿ ನಿಂತಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲಕ್ಕೆ ಉಸಿರು ಕೇಳಿಸಿತು.

"ಯಾರಣ್ಣಾ? ಎರಡು ಕೈಲೂ ಕಂಬ ಹಿಡ್ಕೊಂಡಿದ್ರೆ ಫೋನ್ ಹೆಂಗೆ ಎತ್ಲಿ?"

"ಕಾಂತರಾಜಾ! ಎಲ್ಲಿದೀಯಾ?"

"ಅರ್ಧ ಕಂಬದಲ್ಲಿ. ಊರ ಹಿಟ್ಟಿನ ಗಿರಣಿ ಇನ್ನೂ ಗೊರಗೊರ ಅಂತಿತ್ತು. ಕರೆಂಟ್ ಹೋಗಿದ್ರೆ ಗಿರಣಿ ಹೆಂಗೆ ಓಡುತ್ತೆ ಅಂತ ಅಲ್ಲೇ ನಿಂತ್ಕೊಂಡೆ. ಈಗ ನಿಂತೋಯ್ತು. ಹತ್ತಲಾ?"

"ಬೇಡ! ಅರ್ಥಿಂಗ್ ಆಗಿಲ್ಲ, ನಂಬರ್ ಕೊಟ್ಟಿಲ್ಲ. ಇಳಿ ಮೊದಲು."

"ಏಮಿ ಅಣ್ಣಾ, ಏನಾಯ್ತು, ಅಳ್ತಾ ಇದೀರಾ?"

"ಇಳಿಯಪ್ಪಾ!"

ಕದಿರೇಶ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತ. ಕಂಬಕ್ಕೆ ಚಪ್ಪಲಿ ಉಜ್ಜುವ ಸದ್ದು, ಒಂದು ಕೆಮ್ಮು, ಮತ್ತೆ ಉಜ್ಜುವ ಸದ್ದು. ಕೊನೆಗೆ ಎರಡು ಕಾಲೂ ಧೊಪ್ಪನೆ ಮಣ್ಣಿಗೆ ಬಿದ್ದದ್ದು ಕೇಳಿದ ಮೇಲೆ ಅವನು ಅರ್ಥಿಂಗ್ ಹಾಕಲು ಹೊರಗೆ ನಡೆದ.