ಎಮ್ಮಿ ಅತ್ತಿ ತಿಂದೈತಿ

ಸವದತ್ತಿಯ ಆ ಖಾಸಗಿ ಹಾಲಿನ ಡೇರಿಯಲ್ಲಿ ನಾಗರತ್ನಾ ಕೆಲಸಕ್ಕೆ ಸೇರಿದಾಗ ಅವಳಿಗೆ ಸಿಕ್ಕಿದ್ದು ಒಂದು ಕುರ್ಚಿ, ಒಂದು ಕಂಪ್ಯೂಟರು ಮತ್ತು ಕಸದ ಬುಟ್ಟಿಯ ಉಸ್ತುವಾರಿ. ಕಸದ ಬುಟ್ಟಿ ಅಂದರೆ ನೆಲದ ಮೇಲೆ ಇಡುವುದಲ್ಲ. ಡೇರಿಗೆ ಹಾಲು ಹಾಕುವ ರೈತರು ಏನಿದ್ದರೂ ಒಂದು ನಂಬರಿಗೆ ವಾಟ್ಸಾಪ್ ಮಾಡುತ್ತಿದ್ದರು. ಗಾಡಿ ಬರಲಿಲ್ಲ, ಹಿಂಡಿ ಕಳಿಸಿ, ದನಕ್ಕೆ ಹುಷಾರಿಲ್ಲ, ಹೀಗೆ. ಬಂದ ಸಂದೇಶಗಳನ್ನು ಮೊದಲು ಒಂದು ತಂತ್ರಾಂಶ ಓದಿ ಬೇರ್ಪಡಿಸುತ್ತಿತ್ತು. ಕನ್ನಡ ಲಿಪಿಯದು ಒಂದು ಕಡೆ, ಇಂಗ್ಲಿಷಿನದು ಒಂದು ಕಡೆ. ಎರಡೂ ಅಲ್ಲವೆಂದು ಅದಕ್ಕೆ ಅನಿಸಿದ್ದೆಲ್ಲ 'ಅರ್ಥವಿಲ್ಲದವು' ಎಂಬ ಬುಟ್ಟಿಗೆ. ಆ ಬುಟ್ಟಿಯನ್ನು ಕಣ್ಣಾಡಿಸಿ ಅಳಿಸುವುದು ನಾಗರತ್ನಾಳ ಕೆಲಸ.

ಬೈಲಹೊಂಗಲದಲ್ಲಿ ಕನ್ನಡ ಐಚ್ಛಿಕವಾಗಿ ಓದಿ ಬಿ.ಎ. ಮಾಡಿದವಳು ಅವಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಕಂಡರೆ ಊಟದಲ್ಲಿ ಹಳ್ಳು ಸಿಕ್ಕಂತೆ ಮುಖ ಕಿವುಚುತ್ತಿದ್ದಳು. ಬುಟ್ಟಿಯಲ್ಲಿ ಅಂಥದ್ದೇ ತುಂಬಿರುತ್ತಿತ್ತು. ಪ್ರತಿ ಸಂದೇಶದ ಮೊದಲ ಎರಡು ಮೂರು ಪದ ಮಾತ್ರ ತೆರೆಯ ಮೇಲೆ ಕಾಣುತ್ತಿದ್ದವು. ಅಷ್ಟನ್ನು ನೋಡಿ, ನಾಲಿಗೆಗೆ ಹತ್ತದಿದ್ದರೆ ಅಳಿಸಿಬಿಡುತ್ತಿದ್ದಳು. ಮ್ಯಾನೇಜರ್ ವಿರೂಪಾಕ್ಷ ಅವರು ಅವಳ ವೇಗ ಕಂಡು ಖುಷಿಪಟ್ಟಿದ್ದರು.

ಆ ಖುಷಿ ಮುಗಿದದ್ದು ಸುರೇಬಾನದ ಪದ್ಮವ್ವ ಒಂದು ಕ್ಯಾನ್ ಹಿಡಿದುಕೊಂಡು ಆಫೀಸಿನೊಳಗೆ ಬಂದ ದಿನ. ರಾಮದುರ್ಗಕ್ಕೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಬಸ್ಸಿನ ಜನ ಅವಳ ಅಕ್ಕಪಕ್ಕದ ಸೀಟು ಬಿಟ್ಟುಕೊಟ್ಟಿದ್ದರಂತೆ, ಗೌರವದಿಂದಲ್ಲ. ಕ್ಯಾನನ್ನು ನಾಗರತ್ನಾಳ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ವಿರೂಪಾಕ್ಷ ಅವರು ತಮ್ಮ ಕೋಣೆಯಲ್ಲಿ ಕಿಟಕಿ ತೆರೆದ ಸದ್ದಾಯಿತು.

ಗಾಡಿ ಬಂದಿರಲಿಲ್ಲ. ಪದ್ಮವ್ವ ಸಂದೇಶ ಕಳಿಸಿದ್ದಳು. ಅದನ್ನು ತನ್ನ ಮೊಬೈಲಿನಲ್ಲಿ ತೆಗೆದು ತೋರಿಸಿದಳು: "halu halu halu adavri gadi kalasri". ನಾಗರತ್ನಾಳಿಗೆ ನೆನಪಾಯಿತು. ಅವಳಿಗೆ ಕಂಡಿದ್ದು "halu halu halu" ಅಷ್ಟೇ. ಯಾವುದೋ ಕೂಸು ಒಂದೇ ಪದ ಒತ್ತಿ ಆಡುತ್ತಿದೆ ಎಂದು ಅಳಿಸಿದ್ದಳು. ತಂತ್ರಾಂಶಕ್ಕೂ ಹಾಗೇ ಅನಿಸಿರಬೇಕು.

"ಹಾಲು, ಹಾಲು ಹಾಳು ಆದವರಿ, ಗಾಡಿ ಕಳಸ್ರಿ ಅಂತ ಬರದೇನಿ," ಎಂದಳು ಪದ್ಮವ್ವ. "ಇದನ್ನ ಓದಾಕ ಬರಲಿಲ್ಲಂದ್ರ ಮೂಸಿ ನೋಡ್ರಿ ಅಂತ ತಂದೇನಿ."

ನಾಗರತ್ನಾ ಕ್ಷಮೆ ಕೇಳಿದಳು, ಚಹಾ ತರಿಸಿದಳು. ಆ ಮೇಜಿನಲ್ಲಿ ಆಮೇಲೆ ಯಾರೂ ಚಹಾ ಕುಡಿಯುವಂತಿರಲಿಲ್ಲ, ಅದು ಬೇರೆ ಮಾತು. ಪದ್ಮವ್ವ ಹೋದ ಮೇಲೆ ಅವಳು ಆ ಸಾಲನ್ನು ಬಹಳ ಹೊತ್ತು ನೋಡಿದಳು. ಮೂರು ಪದಗಳೂ ಒಂದೇ ಥರ ಇದ್ದವು, ಆದರೆ ಮೂರೂ ಒಂದೇ ಅಲ್ಲ. ಇಂಗ್ಲಿಷಿನ ಒಂದು a ನಮ್ಮಲ್ಲಿ ಅ ಆಗಬಹುದು, ಆ ಆಗಬಹುದು. l ಎಂದರೆ ಲ ಇರಬಹುದು, ಳ ಇರಬಹುದು. ಬರೆದವರಿಗೆ ಗೊತ್ತಿದ್ದದ್ದು ಓದುವವರಿಗೆ ಕಾಣುವುದಿಲ್ಲ. ಬಾಯಿಗೆ ತಂದುಕೊಂಡು, ಪಕ್ಕದ ಪದ ನೋಡಿ ಕೇಳಿಸಿಕೊಳ್ಳಬೇಕು. ಅಂದಿನಿಂದ ಯಾವ ಸಂದೇಶವನ್ನೂ ಪೂರ್ತಿ ಓದದೆ ಅಳಿಸುವುದಿಲ್ಲ ಎಂದು ಶಪಥ ಮಾಡಿದಳು.

ಶಪಥ ಒಳ್ಳೆಯದೇ. ಆದರೆ ನಾಗರತ್ನಾ ಅದನ್ನು ಹದ ಮೀರಿ ಪಾಲಿಸತೊಡಗಿದಳು. "nmskr" ಎಂದು ಬಂದದ್ದನ್ನು 'ನಮಸ್ಕಾರ' ಎಂದು ಓದಿ ಗೆದ್ದ ಮೇಲಂತೂ ಸ್ವರವಿಲ್ಲದ ಪದಗಳೆಲ್ಲ ಅವಳಿಗೆ ಸವಾಲಾಗಿ ಕಂಡವು. ಮುಂದಿನ ವಾರ ಬಾಳೇಶ ಎಂಬ ರೈತನ ನಂಬರಿನಿಂದ ಒಂದು ಸಂದೇಶ ಬಂತು: "hjjk kkl bnnm hhg".

ಅವಳು ಅದನ್ನು ಬಾಯಿಯೊಳಗೆ ಹೊರಳಿಸಿ ಹೊರಳಿಸಿ ನೋಡಿದಳು. kkl ಎಂದರೆ ಆಕಳು. bnnm ಎಂದರೆ ಬ್ಯಾನಿ, ಅಂದರೆ ನೋವು ಇರಬೇಕು. hhg, ಹಂಗ. ಮೊದಲನೆಯದು ಹೆಜ್ಜಿ. 'ಆಕಳು ಹೆಜ್ಜಿ ಕಿತ್ತಿಡವಲ್ದು, ಬ್ಯಾನಿ ತಿನ್ನಾಕ ಹತ್ತೈತಿ ಹಂಗ' ಎಂದು ಅವಳೊಳಗೆ ಇಡೀ ಕೊಟ್ಟಿಗೆಯೇ ಎದ್ದು ನಿಂತಿತು. ನಂಬರಿಗೆ ಫೋನ್ ಮಾಡಿದಳು. ಯಾರೋ ಎತ್ತಿದರು, ಜೋರಾಗಿ ಉಸಿರುಬಿಟ್ಟರು, ಮಾತಾಡದೆ ಇಟ್ಟರು. ಪಾಪ, ದುಃಖಕ್ಕೆ ಮಾತೇ ಬರುತ್ತಿಲ್ಲ ಎಂದುಕೊಂಡು ಡೇರಿಯ ದನದ ಡಾಕ್ಟರ್ ಶಿವಾನಿಯನ್ನು ಓಡಿಸಿದಳು.

ಶಿವಾನಿ ಬಿಸಿಲಲ್ಲಿ ಬಾಳೇಶನ ತೋಟಕ್ಕೆ ಹೋಗಿ ನೋಡಿದರೆ ಆಕಳು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಬಾಳೇಶ ಮೇಡಮ್ಮರು ದಾರಿ ತಪ್ಪಿ ಬಂದಿರಬೇಕೆಂದು ಕರೆದು ಕೂರಿಸಿ ರೊಟ್ಟಿ ಬಡಿಸಿದ. ಆಗಲೇ ಅವನ ಮೊಮ್ಮಗಳು ಮೊಬೈಲನ್ನು ಬಾಯಿಯಿಂದ ತೆಗೆದು ಶಿವಾನಿಯ ತೊಡೆಗೆ ಒರೆಸಿದ್ದು. ತೆರೆಯ ಮೇಲೆ ಹೊಸದೊಂದು ಸಂದೇಶ ಅರ್ಧ ತಯಾರಾಗಿತ್ತು.

ಸಂಜೆ ಆಫೀಸಿನಲ್ಲಿ ಶಿವಾನಿ ಸಿಟ್ಟು ಮಾಡಲಿಲ್ಲ. ಮೊಬೈಲಿನ ಕೀಲಿಮಣೆ ತೆಗೆದು ಮುಂದಿಟ್ಟಳು. g, h, j, k, l ಒಂದೇ ಸಾಲಿನಲ್ಲಿ ಮೈಗೆ ಮೈ ಹಚ್ಚಿಕೊಂಡು ಕುಂತಿವೆ. b, n, m ಅವುಗಳ ಕೆಳಗೆ. ಬೆರಳು ಒಂದೇ ಜಾಗದಲ್ಲಿ ಒದ್ದಾಡಿದರೆ ಬರುವುದು ಇಂಥದ್ದೇ. "nmskr ಬರೆಯೋ ಮನಷಾ ಇಡೀ ಕೀಲಿಮಣಿ ತಿರಗತಾನ. ಇದು ಒಂದ ಮೂಲ್ಯಾಗ ಕುಂತ ಹಾಡಿದ್ದ," ಎಂದಳು. ವಿರೂಪಾಕ್ಷ ಅವರು ಮಾತ್ರ, ಇನ್ನು ಮೇಲೆ ಬುಟ್ಟಿಯ ಸಂದೇಶ ನಂಬಿ ಡಾಕ್ಟರನ್ನು ಕಳಿಸುವುದಾದರೆ ತಮ್ಮನ್ನು ಕೇಳಬೇಕು ಎಂದು ಅಪ್ಪಣೆ ಮಾಡಿದರು. ನಾಗರತ್ನಾ ತಲೆ ತಗ್ಗಿಸಿದಳು. ಇರುವುದನ್ನು ಕಾಣದೆ ಒಮ್ಮೆ ಕೆಟ್ಟಿದ್ದಳು, ಇಲ್ಲದ್ದನ್ನು ಕಂಡು ಈಗ ಇನ್ನೊಮ್ಮೆ.

ಹೀಗೆ ಅವಳ ಮಾತಿಗೆ ಆಫೀಸಿನಲ್ಲಿ ತೂಕ ಉಳಿಯದ ಹೊತ್ತಿನಲ್ಲಿ, ಮನೋಳಿಯ ಬಾಯವ್ವನ ನಂಬರಿನಿಂದ ಬುಟ್ಟಿಗೆ ಒಂದು ಸಂದೇಶ ಬಿತ್ತು.

"yemmi atti tindaiti otti ubbaiti lagu barri"

ನಾಗರತ್ನಾ ಎದ್ದು ಹೋಗಿ ವಿರೂಪಾಕ್ಷ ಅವರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಎಮ್ಮಿ ಅತ್ತಿ ತಿಂದೈತಿ. ಒತ್ತಿ ಉಬ್ಬೈತಿ. ಲಗೂ ಬರ್ರಿ." ಆಮೇಲೆ ನಗು ಅವರ ಹೊಟ್ಟೆಯಿಂದ ಶುರುವಾಗಿ ಕುರ್ಚಿಗೆ ತಲುಪಿತು. ಯಾರೋ ಸೊಸೆ ಅತ್ತೆಯ ಮೇಲಿನ ಸಿಟ್ಟಿಗೆ ಬರೆದಿದ್ದಾಳೆ, ಇದಕ್ಕೆ ಡಾಕ್ಟರು ಯಾಕೆ, ಪೊಲೀಸರನ್ನು ಕಳಿಸಬೇಕು ಎಂದರು.

ನಾಗರತ್ನಾಳಿಗೂ ನಗು ಬಂತು. ಆದರೆ ಕೂಸು ಒತ್ತಿದ್ದಲ್ಲ ಇದು, ಅಷ್ಟು ಖಾತ್ರಿ. ಪ್ರತಿ ಪದಕ್ಕೂ ಸ್ವರವಿದೆ, ಓದಿದರೆ ಮಾತಿನ ಲಯವಿದೆ, ಕೊನೆಗೆ 'ಲಗೂ ಬರ್ರಿ' ಎಂಬ ಕರೆಯಿದೆ. ಕೆಟ್ಟಿರುವುದು ನಡುವೆ ಎಲ್ಲೋ ಒಂದು ಕಡೆ. ಫೋನ್ ಮಾಡಿದಳು, ಗಂಟೆ ಹೊಡೆದು ಹೊಡೆದು ನಿಂತಿತು, ಯಾರೂ ಎತ್ತಲಿಲ್ಲ. ಕುಂತು, ಬುಟ್ಟಿಯಿಂದ ಅಳಿಸಿದರೂ ಡೇರಿಯ ವಾಟ್ಸಾಪಿನಲ್ಲಿ ಉಳಿದಿದ್ದ ಬಾಯವ್ವನ ಹಳೆಯ ಸಂದೇಶಗಳನ್ನು ತೆಗೆದಳು.

ಮೊನ್ನೆಯದು: "alu kadimi agyav". ಅದರ ಹಿಂದಿನದು: "indi kalasri". ಇದು ಆಗ ಆಫೀಸಿನಲ್ಲಿ ಗದ್ದಲ ಮಾಡಿತ್ತು. ವಿಜಯಪುರ ಜಿಲ್ಲೆಯ ಇಂಡಿಗೆ ಏನು ಕಳಿಸಬೇಕು, ಯಾಕೆ ಕಳಿಸಬೇಕು ಎಂದು ಗಾಡಿಯವರು ತಲೆ ಕೆಡಿಸಿಕೊಂಡಿದ್ದರು. ಇನ್ನೂ ಹಿಂದೆ ಹೋದಳು. ದಸರಾಕ್ಕಿಂತ ಮೊದಲು ಅದೇ ಬಾಯವ್ವ ಬರೆದಿದ್ದಳು: "halu hakeni hindi kalasri".

ನಾಗರತ್ನಾ ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟಳು. ಈ ಹೆಣ್ಣುಮಗಳಿಗೆ h ಗೊತ್ತಿದೆ. ದಸರಾ ಆದಮೇಲೆ ಅದು ಒಂದು ಕಡೆಯೂ ಇಲ್ಲ. ಮರೆತದ್ದಲ್ಲ, ಕೈಗೆ ಸಿಗುತ್ತಿಲ್ಲ. ಹಾಗಾದರೆ alu ಹಾಲು, indi ಹಿಂಡಿ. ಮತ್ತೆ atti?

ಅವಳು ಓಡಿಯೇ ವಿರೂಪಾಕ್ಷ ಅವರ ಕೋಣೆಗೆ ಹೋದಳು.

"ಸರ್, ಅತ್ತಿ ಅಲ್ರಿ, ಹತ್ತಿ. ಎಮ್ಮಿ ಹತ್ತಿ ತಿಂದೈತಿ, ಹೊಟ್ಟಿ ಉಬ್ಬೈತಿ. ಇಕಿ ಫೋನಿನ್ಯಾಗ h ಸತ್ತೈತ್ರಿ."

ವಿರೂಪಾಕ್ಷ ಅವರು ನಗು ನಿಲ್ಲಿಸಿದರು. ಮನೋಳಿಯಲ್ಲಿ ಹತ್ತಿ ಬಿಡಿಸುವ ಕಾಲ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಬಾಳೇಶನ ತೋಟದ ಪೆಟ್ಟು ಹಸಿಯಾಗಿತ್ತು. ಇದೂ ಹಾಗೇ ಆದರೆ ಎಂದು ಕೇಳಿದರು. ಅಷ್ಟರಲ್ಲಿ ಶಿವಾನಿ ಬಂದಿದ್ದಳು. ಹಳೆಯ ಸಂದೇಶಗಳನ್ನೂ ಹೊಸದನ್ನೂ ಒಂದೊಂದಾಗಿ ಓದಿಸಿಕೊಂಡು, ಹೊಟ್ಟೆ ಉಬ್ಬಿದ ದನ ನಮ್ಮ ಚರ್ಚೆ ಮುಗಿಯಲಿ ಎಂದು ಕಾಯುವುದಿಲ್ಲ ಎಂದಷ್ಟೇ ಹೇಳಿ ಜೀಪಿನ ಕೀಲಿ ತೆಗೆದುಕೊಂಡಳು. ತಪ್ಪಾದರೆ ಬೈಸಿಕೊಳ್ಳಲು ಜೊತೆಗಿರು ಎಂದು ನಾಗರತ್ನಾಳನ್ನೂ ಹತ್ತಿಸಿಕೊಂಡಳು.

ಬಾಯವ್ವನ ಮನೆಯ ಅಂಗಳದಲ್ಲಿ ಎಮ್ಮೆ ಕಾಲು ಅಗಲಿಸಿ ನಿಂತಿತ್ತು, ಎಡಗಡೆಯ ಪಕ್ಕೆ ಡೊಳ್ಳಿನ ಹಾಗೆ ಬಿಗಿದಿತ್ತು. ಪಡಸಾಲೆಯಲ್ಲಿ ರಾಶಿ ಹಾಕಿದ್ದ ಹತ್ತಿಯ ಒಂದು ಬದಿ ಕುಸಿದಿತ್ತು. ಗಂಡ ಮುದಕಪ್ಪ ಹಗ್ಗ ಹಿಡಿದು ನಿಂತಿದ್ದ. ಬಾಯವ್ವ ಎಮ್ಮೆಯ ಬೆನ್ನು ನೀವುತ್ತಿದ್ದಳು. ಮೊಬೈಲು ಎಲ್ಲೋ ಮೇವಿನಲ್ಲಿ ಬಿದ್ದಿತ್ತು. ಶಿವಾನಿ ಅಂಗಿಯ ತೋಳು ಮಡಚಿದಳು. ಬಾಯಿಯಿಂದ ಹೊಟ್ಟೆಗೆ ಕೊಳವೆ ಇಳಿಸಿದಾಗ ಹೊರಬಂದ ಗಾಳಿಯ ಸದ್ದಿಗೆ ಓಣಿಯ ನಾಯಿಗಳು ಬೊಗಳಿದವು. ಅದೇ ಕೊಳವೆಯಿಂದ ಔಷಧಿ ಹೋಯಿತು. ಬಹಳ ಹೊತ್ತಾದ ಮೇಲೆ ಪಕ್ಕೆ ಸಡಿಲವಾಯಿತು, ಎಮ್ಮೆ ತಲೆ ಕೊಡವಿ ಶಿವಾನಿಯ ಅಂಗಿಯ ತೋಳು ಮೂಸಿತು. ರಾತ್ರಿ ಮೇವು ಬೇಡ, ನಾಳೆ ಬಂದು ನೋಡುತ್ತೇನೆ ಎಂದಳು ಅವಳು.

ಆಗ ಎಲ್ಲರಿಗೂ ಉಸಿರು ಬಂತು. ನಾಗರತ್ನಾ ತಡೆಯಲಾರದೆ ಆಫೀಸಿನಲ್ಲಿ ಸಂದೇಶವನ್ನು ಹೇಗೆ ಓದಿದರೆಂದು ಹೇಳಿಬಿಟ್ಟಳು. ಮುದಕಪ್ಪ ನಕ್ಕ, ಶಿವಾನಿ ನಕ್ಕಳು. ಕಟ್ಟೆಯ ಮೇಲೆ ಕುಂತಿದ್ದ ಅತ್ತೆ ಕರೆವ್ವ ನಗಲಿಲ್ಲ. ಎಲೆ ಅಡಿಕೆ ಬದಿಗಿಟ್ಟು ಸೊಸೆಯ ಕಡೆ ತಿರುಗಿದಳು.

"ಏನಂತ ಬರದಿ?"

ಬಾಯವ್ವ ಹತ್ತಿ ಎಂದೇ ಬರೆದದ್ದು ಎಂದಳು. ಹಾಗಾದರೆ ಸವದತ್ತಿಯ ಓದಿದವರಿಗೆ ನಾನು ಯಾಕೆ ಕಂಡೆ ಎಂದು ಕರೆವ್ವ ಕೇಳಿದಳು. ಮನಸ್ಸಿನಲ್ಲಿ ಇದ್ದದ್ದೇ ಬೆರಳಿಗೆ ಬರುತ್ತದೆ ಎಂದೂ ಸೇರಿಸಿದಳು. ನಾಗರತ್ನಾಳಿಗೆ ತಾನು ಎಮ್ಮೆ ಉಳಿಸಿ ಮನೆ ಒಡೆದೆನಲ್ಲ ಎಂದು ಭಯವಾಯಿತು. ಮೇವಿನಲ್ಲಿ ಹುಡುಕಿ ಮೊಬೈಲು ತಂದಳು. ಗಾಜಿನ ನಡುವೆ ಒಂದು ಬಿರುಕು ಜೇಡರ ಬಲೆಯಂತೆ ಹರಡಿತ್ತು, ಅದರ ಕೆಳಗೇ h. ಕರೆವ್ವನ ತೋರುಬೆರಳು ಹಿಡಿದು ಅದರ ಮೇಲೆ ಒತ್ತಿಸಿದಳು. ಏನೂ ಬರಲಿಲ್ಲ. ಪಕ್ಕದ g ಒತ್ತಿಸಿದಳು, ಬಂತು. ಮುದುಕಿ ಮತ್ತೆ h ಒತ್ತಿದಳು, ಇನ್ನೂ ಜೋರಾಗಿ, ಬಾಗಿಲು ಬಡಿದಂತೆ.

"ಈ ಒಂದು ಅಕ್ಷರಾ ಇದ್ರ ನಾ ಉಳೀತೇನೇನು?" ಎಂದು ಕೇಳಿದಳು.

"ಹೌದ್ರಿ ಅಜ್ಜಿ."

ಕರೆವ್ವ ಯೋಚಿಸಿದಳು. ಆಮೇಲೆ ಮಗನಿಗೆ, ನಾಳೆ ಬೆಳಿಗ್ಗೆಯೇ ಸವದತ್ತಿಗೆ ಹೋಗಿ ಗಾಜು ಬದಲಿಸಿಕೊಂಡು ಬಾ, ಎಮ್ಮೆ ಬದುಕಿದೆ, ಮುಂದಿನ ಸಲ ಏನು ತಿನ್ನುತ್ತದೋ ಯಾರಿಗೆ ಗೊತ್ತು ಎಂದಳು. ಬಾಯವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಕರೆವ್ವನ ಕೆನ್ನೆಯೂ ಅಲುಗಿದ್ದನ್ನು ನಾಗರತ್ನಾ ನೋಡಿದಳು.

ಮರುದಿನ ವಿರೂಪಾಕ್ಷ ಅವರು ತಂತ್ರಾಂಶ ಮಾಡಿಕೊಟ್ಟವರಿಗೆ ಫೋನ್ ಮಾಡಿ, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಇನ್ನು ಮುಂದೆ ಬುಟ್ಟಿಗೆ ಹಾಕಬೇಡಿ, ಒಂದು ಬೇರೆ ಸಾಲಿನಲ್ಲಿ ಇಡಿ ಎಂದರು. ಫೋನಿನ ಆ ಕಡೆಯವರು ಗುರುತು ಹಿಡಿಯುವುದು ಹೇಗೆಂದು ಉದಾಹರಣೆ ಕೇಳಿದರು. ನಾಗರತ್ನಾ ಪ್ರತಿ ಸಂದೇಶದ ಪಕ್ಕದಲ್ಲಿ ಸರಿಯಾದ ಕನ್ನಡ ಬರೆದು ಕಳಿಸತೊಡಗಿದಳು. ತಿಳಿಯದಿದ್ದರೆ ಊಹೆ ಬರೆಯದೆ, ಬರೆದವರಿಗೇ ಫೋನ್ ಹಚ್ಚಿ ಕೇಳುತ್ತಿದ್ದಳು. ಬಾಳೇಶನ ಮೊಮ್ಮಗಳದ್ದನ್ನೂ ಕಳಿಸಿದಳು. ಅದರ ಪಕ್ಕದಲ್ಲಿ ಏನೂ ಬರೆಯಲಿಲ್ಲ.